ವಿಮೆಯ ಬೋನಸ್ ಬಗ್ಗೆ ಏಜೆಂಟ್ ಸುಳ್ಳು ಹೇಳಿದರೆ ಹೆಡ್ ಆಫೀಸಿಗೆ ಏನಂತ ಬರೆಯಬೇಕು?

"ಬೋನಸ್ ಸೇರಿ 14 ಲಕ್ಷ ಗ್ಯಾರಂಟಿ ಅಂದಿದ್ದ ಏಜೆಂಟ್. ಈಗ ಅಷ್ಟು ಬರೋದಿಲ್ಲ ಅಂತ ಗೊತ್ತಾಯ್ತು. ಹೆಡ್ ಆಫೀಸಿಗೆ ದೂರು ಹೇಗೆ ಬರೆಯಲಿ?"

ಶಿರಸಿಯಲ್ಲಿ ನಮ್ಮ ಅಪ್ಪಯ್ಯನಿಗೂ ಹೀಗೇ ಆಗಿತ್ತು. ಏಜೆಂಟ್ ನೆಂಟರ ಪೈಕಿ. ಅಡಿಕೆ ಮಾರಿದ ದುಡ್ಡು ಕೈಗೆ ಬಂದ ವಾರ ಮನೆಗೆ ಬಂದ. 5 ಲಕ್ಷದ ಪಾಲಿಸಿ, 20 ವರ್ಷ, 14 ಲಕ್ಷ ಗ್ಯಾರಂಟಿ ಅಂತ ಚೀಟಿಯಲ್ಲಿ ಬರೆದುಕೊಟ್ಟ.

ಎರಡನೇ ಕಂತು ಕಟ್ಟಿದ ಮೇಲೆ ನಾನು ಲೆಕ್ಕ ಹಾಕಿದೆ. ಅವನು ಹೇಳಿದ ಬೋನಸ್ ಸಾವಿರಕ್ಕೆ 40 ರೂಪಾಯಿ. ಅಂದರೆ 5 ಲಕ್ಷಕ್ಕೆ ವರ್ಷಕ್ಕೆ 20,000. ಇಪ್ಪತ್ತು ವರ್ಷಕ್ಕೆ 4 ಲಕ್ಷ, ಒಟ್ಟು 9 ಲಕ್ಷ. ಅವನು ಆ 20,000ದ ಮೇಲೆ ಪ್ರತಿ ವರ್ಷ ಶೇ. 8ರ ಚಕ್ರಬಡ್ಡಿ ಸೇರಿಸಿ 14 ಲಕ್ಷ ಮಾಡಿದ್ದ. ಆ ಪಾಲಿಸಿಯದು ಸರಳ ಬೋನಸ್. ಅದಕ್ಕೆ ಬಡ್ಡಿ ಬೆಳೆಯುವುದಿಲ್ಲ. ಸಾವಿರಕ್ಕೆ 40 ಅನ್ನುವುದೂ ಮುಂದಿನ ವರ್ಷಗಳಿಗೆ ಖಾತ್ರಿಯಲ್ಲ, ಕಂಪನಿ ಪ್ರತಿ ವರ್ಷ ಘೋಷಿಸಿದಷ್ಟೇ.

ಮೊದಲು ಬ್ರಾಂಚಿಗೆ ಪತ್ರ ಕೊಟ್ಟು ತಪ್ಪು ಮಾಡಿದೆವು. ದೂರಿನ ಸಂಖ್ಯೆ ಸಿಗಲಿಲ್ಲ, ಮರುದಿನ ಏಜೆಂಟನೇ ಮನೆಗೆ ಬಂದ. ಆಮೇಲೆ ಹೆಡ್ ಆಫೀಸಿನ ಕುಂದುಕೊರತೆ ಅಧಿಕಾರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ವಿಳಾಸ ಬಾಂಡಿನಲ್ಲೇ ಇರುತ್ತದೆ.

ಪತ್ರದಲ್ಲಿ "ಮೋಸ", "ಕಳ್ಳ" ಅಂತ ಸುಮ್ನೆ ಬರೆಯಬೇಡಿ. ನಾವು ಪಾಲಿಸಿ ಸಂಖ್ಯೆ, ಏಜೆಂಟ್ ಕೋಡ್, ಅವನು ಬಂದ ದಿನ ಹಾಕಿ ಹೀಗೆ ಬರೆದೆವು:

"ನಿಮ್ಮ ಏಜೆಂಟ್ 14 ಲಕ್ಷ ಗ್ಯಾರಂಟಿ ಎಂದು ತಮ್ಮ ಕೈಬರಹದಲ್ಲಿ ಕೊಟ್ಟ ಚೀಟಿಯ ಪ್ರತಿ ಲಗತ್ತಿಸಿದೆ. ಸಾವಿರಕ್ಕೆ 40ರಂತೆ ಸರಳ ಬೋನಸ್ ಲೆಕ್ಕ ಹಾಕಿದರೆ 9 ಲಕ್ಷ ಮಾತ್ರ ಆಗುತ್ತದೆ. ಈ ತಪ್ಪು ಮಾಹಿತಿ ನಂಬಿ ಪಾಲಿಸಿ ಮಾಡಿಸಿದ್ದೇನೆ. ಪಾಲಿಸಿ ರದ್ದು ಮಾಡಿ, ಕಟ್ಟಿದ ಎರಡೂ ಕಂತು ವಾಪಸ್ ಕೊಡಿ. ಉತ್ತರ ಲಿಖಿತವಾಗಿ ತಿಳಿಸಿ."

ಕಂಪನಿಯ ಮೊದಲ ಉತ್ತರ: ಲಾಭದ ಅಂದಾಜು ಪಟ್ಟಿಗೆ ನೀವು ಸಹಿ ಹಾಕಿದ್ದೀರಿ. ನಿಮಗೂ ಇದನ್ನೇ ಹೇಳಬಹುದು. ಆ ಪಟ್ಟಿಯಲ್ಲಿ ಶೇ. 4 ಮತ್ತು ಶೇ. 8ರ ಅಂದಾಜು ಇರುತ್ತದೆ, ಅದು ಖಾತ್ರಿಯಲ್ಲ ಅಂತಲೂ ಬರೆದಿರುತ್ತದೆ. ನಾವು ಸಹಿಯನ್ನು ಅಲ್ಲಗಳೆಯಲಿಲ್ಲ. "ಸಹಿ ನನ್ನದೇ. ಆದರೆ ಪಟ್ಟಿಯಲ್ಲಿ ಇಲ್ಲದ ಮೊತ್ತವನ್ನು ಏಜೆಂಟ್ ಬೇರೆ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ, ಅವರಿಂದ ವಿವರಣೆ ಪಡೆಯಿರಿ" ಅಂತ ಮತ್ತೆ ಬರೆದೆವು. ಕೊನೆಗೆ ಎರಡೂ ಕಂತು ವಾಪಸ್ ಬಂತು. ಬಡ್ಡಿ ಕೊಡಲಿಲ್ಲ. ಚೀಟಿ ಇಲ್ಲದೆ ಬರೀ ಬಾಯಿಮಾತಾಗಿದ್ದರೆ ಇಷ್ಟೂ ಕಷ್ಟವಿತ್ತು. ನಿಮ್ಮ ಹತ್ತಿರ ವಾಟ್ಸಾಪ್ ಮೆಸೇಜ್ ಇದ್ದರೂ ಜೋಪಾನ ಮಾಡಿ.

ಬಾಂಡ್ ಕೈಗೆ ಬಂದು ಇನ್ನೂ 30 ದಿನ ಆಗಿಲ್ಲ ಅಂದರೆ ಇಷ್ಟೆಲ್ಲ ಬೇಡ. ಫ್ರೀ ಲುಕ್ ಅವಧಿಯಲ್ಲಿ ರದ್ದು ಮಾಡಿ ಅಂತ ಬರೆದರೆ ಸಾಕು, ಸಣ್ಣಪುಟ್ಟ ಖರ್ಚು ಕಳೆದು ದುಡ್ಡು ವಾಪಸ್ ಬರುತ್ತದೆ.

ಹೆಡ್ ಆಫೀಸು ಒಂದು ತಿಂಗಳಲ್ಲಿ ಉತ್ತರ ಕೊಡದಿದ್ದರೆ, ಅಥವಾ ಆಗುವುದಿಲ್ಲ ಅಂದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಫೀಸಿಲ್ಲ, ವಕೀಲರೂ ಬೇಡ. ಆದರೆ ಆ ಉತ್ತರ ಬಂದ ಮೇಲೆ, ಅಥವಾ ಉತ್ತರವಿಲ್ಲದೆ ಆ ತಿಂಗಳು ಮುಗಿದ ಮೇಲೆ, ಒಂದು ವರ್ಷದ ಒಳಗೆ ಕೊಡಬೇಕು. ಅಲ್ಲಿ ಮೊದಲು ಕೇಳುವುದೇ ನೀವು ಕಂಪನಿಗೆ ಬರೆದ ಪತ್ರ. ಅದಕ್ಕೇ ಪೋಸ್ಟಿನ ರಸೀದಿ, ಪತ್ರದ ಪ್ರತಿ ಎರಡನ್ನೂ ಬಾಂಡಿನ ಜೊತೆಗೇ ಇಟ್ಟುಕೊಳ್ಳಿ.