9 ವೋಲ್ಟ್ ಟ್ರಾನ್ಸ್‌ಫಾರ್ಮರ್, 24 ವೋಲ್ಟ್ ರಿಲೇ: ಡಬ್ಲರ್ ಸರಿ ಉಂಟು, ಸಂಜೆ ಯಾಕೆ ಎಳೆಯುವುದಿಲ್ಲ?

ಪೆರ್ಲದ ಅಣ್ಣನ ಪ್ರಶ್ನೆ: «ಸುರಂಗದ ನೀರು ಬೀಳುವ ಟ್ಯಾಂಕಿ ತುಂಬಿದಾಗ ತೋಟದ ಪಂಪ್ ಶುರು ಆಗಲಿ ಅಂತ ರಿಲೇ ಇಟ್ಟಿದ್ದೇನೆ. ಕೈಯಲ್ಲಿದ್ದದ್ದು 24 ವೋಲ್ಟ್ ರಿಲೇ, ಕಾಯಿಲ್ 1200 ಓಮ್. ಟ್ರಾನ್ಸ್‌ಫಾರ್ಮರ್ 9 ವೋಲ್ಟಿನದ್ದು, ಅಳೆದರೂ 9 ಉಂಟು. ಎರಡು 4007 ಡಯೋಡ್, ಎರಡು 100 ಮೈಕ್ರೋ ಕೆಪಾಸಿಟರ್ ಹಾಕಿ ಡಬ್ಲರ್ ಮಾಡಿದೆ. ರಿಲೇ ಕಳಚಿದರೆ ನಡುವಿನ ಜಾಯಿಂಟಲ್ಲಿ 12 ಮಾತ್ರ ತೋರಿಸುತ್ತದೆ, ರಿಲೇ ಕೂಡಿಸಿದರೆ ಅದರ ಹತ್ತಿರ 19. ಫ್ಲೋಟ್ ಸ್ವಿಚ್ 9 ವೋಲ್ಟಿನ ವೈರಲ್ಲೇ ಉಂಟು. ಹಗಲು ಸರಿ ಎಳೆಯುತ್ತದೆ. ಸಂಜೆ ಕರೆಂಟು ಕಮ್ಮಿ ಇರುವಾಗ ಎಳೆಯುವುದಿಲ್ಲ, ಆದರೆ ಮೊದಲೇ ಎಳೆದಿದ್ದರೆ ಬಿಡುವುದೂ ಇಲ್ಲ. ಎಲ್ಲಿ ತಪ್ಪಿದೆ?»

ಅಣ್ಣಾ, ವೈರಿಂಗ್ ತಪ್ಪಿಲ್ಲ. ಫೋಟೋ ದೊಡ್ಡದು ಮಾಡಿ ನೋಡಿದೆ. ಮೊದಲ ಕೆಪಾಸಿಟರಿನ ಪ್ಲಸ್ ಡಯೋಡ್ ಕಡೆಗೇ ಉಂಟು, ಡಯೋಡಿನ ಬೆಳ್ಳಿ ಗೆರೆಗಳೂ ಸರಿ ದಿಕ್ಕಿಗೆ ಉಂಟು. ತೊಂದರೆ ಬೇರೆ ಕಡೆ.

ಮೊದಲು ನಮ್ಮ ಮಾಷ್ಟ್ರು ಮೇಲೆ ಬರೆದದ್ದಕ್ಕೆ ಒಂದು ಮಾತು. «9ರ ಎರಡು ಪಟ್ಟು 18, ನಿಮಗೆ 19 ಬಂದಿದೆ, ಮೀಟರ್ ಸ್ವಲ್ಪ ಹೆಚ್ಚು ತೋರಿಸುತ್ತದೆ ಅಷ್ಟೇ» ಅಂದಿದ್ದಾರೆ. ಎರಡು ಪಟ್ಟು ಅನ್ನುವುದು ಸರಿ ಮಾಷ್ಟ್ರೇ, ಯಾವುದರ ಎರಡು ಪಟ್ಟು ಅನ್ನುವಲ್ಲಿ ತಪ್ಪಿದ್ದೀರಿ. ಮೀಟರ್ ತೋರಿಸುವ 9 ಆರ್‌ಎಂಎಸ್. ಕೆಪಾಸಿಟರ್ ತುಂಬುವುದು ಅಲೆಯ ತುದಿಯವರೆಗೆ. 9ನ್ನು 1.414ರಿಂದ ಗುಣಿಸಿ, 12.7 ಬರುತ್ತದೆ. ಅಂದರೆ ಆ ವೈರು ಒಮ್ಮೆ 12.7 ಮೇಲೆ ಹೋಗುತ್ತದೆ, ಒಮ್ಮೆ 12.7 ಕೆಳಗೆ ಬರುತ್ತದೆ. 18 ಮತ್ತು 19 ಹತ್ತಿರ ಹತ್ತಿರ ಬಂದದ್ದು ಸುಮ್ನೆ ಕಾಕತಾಳೀಯ. ಪರೀಕ್ಷೆ ಸುಲಭ. ರಿಲೇಯ ಒಂದು ವೈರು ಕಳಚಿ ಔಟ್‌ಪುಟ್ ಅಳೆಯಿರಿ. 18 ಅಲ್ಲ, 24ರ ಹತ್ತಿರ ಬರಬೇಕು.

ಈಗ ನಡುವಿನ ಜಾಯಿಂಟ್. ಅಲ್ಲಿಯವರೆಗಿನ ಭಾಗ, ಅಂದರೆ ಮೊದಲ ಕೆಪಾಸಿಟರ್ ಮತ್ತು ನೆಲಕ್ಕೆ ಹೋಗುವ ಡಯೋಡ್, ಇದೇ ಕ್ಲಾಂಪರ್. ಟ್ರಾನ್ಸ್‌ಫಾರ್ಮರಿನ ವೈರು 12.7 ಕೆಳಗೆ ಇಳಿದಾಗ ಈ ಡಯೋಡ್ ತೆರೆದುಕೊಳ್ಳುತ್ತದೆ. ಜಾಯಿಂಟನ್ನು ಸೊನ್ನೆಗಿಂತ 0.7ಕ್ಕಿಂತ ಕೆಳಗೆ ಹೋಗಲು ಬಿಡುವುದಿಲ್ಲ. ಹಾಗಾಗಿ ಉಳಿದ 12 ವೋಲ್ಟ್ ಕೆಪಾಸಿಟರಿನಲ್ಲಿ ನಿಲ್ಲುತ್ತದೆ. ಆಮೇಲೆ ಅಲೆ ಮೇಲೆ ಹೋಗುವಾಗ ಡಯೋಡ್ ಮುಚ್ಚಿರುತ್ತದೆ, ಕೆಪಾಸಿಟರಿನ ಚಾರ್ಜಿಗೆ ಹೋಗಲು ದಾರಿಯಿಲ್ಲ. ವೈರಿನ ಮಧ್ಯೆ 12 ವೋಲ್ಟಿನ ಒಂದು ಸೆಲ್ ಕೂರಿಸಿದ ಹಾಗೆ ಆಯಿತು. ಅಲೆಯ ಆಕಾರ ಬದಲಾಗುವುದಿಲ್ಲ, ಇಡೀ ಅಲೆ 12 ವೋಲ್ಟ್ ಮೇಲಕ್ಕೆ ಕೂರುತ್ತದೆ ಅಷ್ಟೇ. ಮೊದಲು ಮೈನಸ್ 12.7ರಿಂದ ಪ್ಲಸ್ 12.7 ಇದ್ದದ್ದು ಈಗ ಮೈನಸ್ 0.7ರಿಂದ ಪ್ಲಸ್ 24.7.

ಹಾಗಾದರೆ ಮೀಟರ್ 12 ಯಾಕೆ ತೋರಿಸಿತು? ಡಿಸಿ ರೇಂಜಿನಲ್ಲಿ ಮೀಟರ್ ಸರಾಸರಿ ತೋರಿಸುತ್ತದೆ. ಮೈನಸ್ 0.7 ಮತ್ತು 24.7ರ ನಡುವೆ ಕುಣಿಯುವ ಅಲೆಯ ಸರಾಸರಿ 12. ನಿಮ್ಮ 12 ತಪ್ಪಲ್ಲ, ಕ್ಲಾಂಪರ್ ಸರಿ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಅಲ್ಲಿ ಸೊನ್ನೆ ಬಂದಿದ್ದರೆ ಡಯೋಡ್ ಶಾರ್ಟ್ ಆಗಿದೆ ಅಂತ ಅನುಮಾನ ಪಡಬೇಕಿತ್ತು. ನಾನೂ ಹಿಂದೊಮ್ಮೆ ಈ 12 ನೋಡಿ ಹೆದರಿ ಒಳ್ಳೆಯ ಡಯೋಡ್ ಎರಡು ಕಿತ್ತು ಬಿಸಾಡಿದ್ದೆ.

ಎರಡನೇ ಡಯೋಡ್ ಮತ್ತು ಎರಡನೇ ಕೆಪಾಸಿಟರ್ ಮಾಡುವುದು ಆ 24.7ರ ತುದಿಯನ್ನು ಹಿಡಿದಿಡುವ ಕೆಲಸ. ಡಯೋಡ್ ತನ್ನ 0.7 ತಿನ್ನುತ್ತದೆ, 24 ಉಳಿಯುತ್ತದೆ. ಯಾರಿಗಾದರೂ ಲೆಕ್ಕ ನೆನಪಿಡಬೇಕಾದರೆ ಹೀಗೆ ಇಟ್ಟುಕೊಳ್ಳಿ: ಅಲೆಯ ಕೆಳತುದಿಯಿಂದ ಮೇಲ್ತುದಿಗೆ ಎಷ್ಟು ದೂರವೋ ಅಷ್ಟು, ಎರಡು ಡಯೋಡಿನ 1.4 ಕಳೆದು. ಇಲ್ಲಿ 25.4ರಲ್ಲಿ 1.4 ಹೋದರೆ 24.

ಉಪ್ಪಳದ ತಮ್ಮ ಕೇಳಿದ್ದಕ್ಕೂ ಉತ್ತರ ಇದರಲ್ಲೇ ಉಂಟು. «ನಾನು ಇದನ್ನೇ 12 ವೋಲ್ಟ್ ಬ್ಯಾಟರಿಗೆ ಹಾಕಿದೆ, 24 ಬರಲಿಲ್ಲ, 10.6 ಬಂತು» ಅಂದೆಯಲ್ಲ. ಬ್ಯಾಟರಿಯಲ್ಲಿ ಅಲೆಯೇ ಇಲ್ಲ ಮಾರಾಯ, ಮೊದಲ ಕೆಪಾಸಿಟರ್ ಡಿಸಿಯನ್ನು ದಾಟಿಸುವುದೇ ಇಲ್ಲ. ಕೂಡಿಸುವಾಗ ಒಂದು ಸಲ ನುಗ್ಗಿದ್ದು ಎರಡರಲ್ಲಿ ಹಂಚಿ ಹೋಗಬೇಕಿತ್ತು. 10.6 ಹೇಗೆ ಬಂತೋ ಗೊತ್ತಾಗಲಿಲ್ಲ, ನೀನು ಕೆಪಾಸಿಟರನ್ನೇ ಬಿಟ್ಟು ಎರಡು ಡಯೋಡ್ ಮೂಲಕ ನೇರ ಕೊಟ್ಟ ಹಾಗೆ ಕಾಣುತ್ತದೆ. 555 ಐಸಿಯಿಂದ ಸೊನ್ನೆಯಿಂದ 10 ವೋಲ್ಟಿನ ಚೌಕ ಅಲೆ ಮಾಡಿಕೊಟ್ಟರೂ ಈ ಸರ್ಕ್ಯೂಟಿನಲ್ಲಿ 8.6 ಮಾತ್ರ ಬರುತ್ತದೆ, ಯಾಕೆಂದರೆ ತುದಿಯಿಂದ ತುದಿಗೆ ಇರುವುದೇ 10. ಮೊದಲ ಡಯೋಡಿನ ಬುಡವನ್ನು ನೆಲದ ಬದಲು ಬ್ಯಾಟರಿಯ ಪ್ಲಸ್ಸಿಗೆ ಕೊಡು. ಆಗ ಅಲೆಯ ತಳ 11.3ಕ್ಕೆ ಕೂರುತ್ತದೆ, ತುದಿ 21.3ಕ್ಕೆ ಹೋಗುತ್ತದೆ, ಔಟ್‌ಪುಟ್ 20.6. ಇದೂ ಕ್ಲಾಂಪರೇ, ತಳ ಎಲ್ಲಿ ಅಂತ ನಾವು ಆರಿಸಿಕೊಂಡದ್ದು ಅಷ್ಟೇ.

ಈಗ ಪೆರ್ಲದ ವಿಷಯಕ್ಕೆ. 24 ಬರಬೇಕಾದ್ದು ರಿಲೇ ಹಾಕಿದಾಗ 19 ಆಗುವುದು ಯಾಕೆ? ರಿಲೇ ಎಡೆಬಿಡದೆ ಕರೆಂಟು ಎಳೆಯುತ್ತದೆ. ಆದರೆ ಮೊದಲ ಕೆಪಾಸಿಟರ್ ಮೇಲಕ್ಕೆ ದಾಟಿಸುವುದು ಸೆಕೆಂಡಿಗೆ 50 ಸಲ ಮಾತ್ರ. ಒಂದು ಸಲ ದಾಟಿಸುವಾಗ ಅದರ ವೋಲ್ಟ್ ಎಷ್ಟು ಬೀಳುತ್ತದೆ ಅಂದರೆ:

```
I / (f × C)
0.016 / (50 × 0.0001) = 3.2
```

16 ಮಿಲಿಆಂಪಿಗೆ 100 ಮೈಕ್ರೋದಲ್ಲಿ 3.2 ವೋಲ್ಟ್. ಹಾಗಾಗಿ ಔಟ್‌ಪುಟ್ಟಿನ ತುದಿಯೇ 24ರ ಬದಲು 20.8. ಮುಂದಿನ ಸರದಿ ಬರುವ ಮೊದಲು ಎರಡನೇ ಕೆಪಾಸಿಟರಿನಲ್ಲೂ ಅಷ್ಟೇ ಬೀಳುತ್ತದೆ, 17.6ಕ್ಕೆ ಇಳಿಯುತ್ತದೆ. ಸರಾಸರಿ 19.2. 19.2ನ್ನು 1200 ಓಮಿನಿಂದ ಭಾಗಿಸಿ, ಅದೇ 16 ಮಿಲಿಆಂಪ್ ಬರುತ್ತದೆ. ನಿಮ್ಮ ಮೀಟರಿನ 19 ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ವಾ?

24 ವೋಲ್ಟಿನ ರಿಲೇ ಎಳೆಯಲು ಸಾಮಾನ್ಯವಾಗಿ ಮುಕ್ಕಾಲು ಪಾಲು, ಅಂದರೆ 18 ಬೇಕು ಅಂತ ಲೆಕ್ಕ ಇಡುತ್ತಾರೆ. ಒಮ್ಮೆ ಎಳೆದ ಮೇಲೆ ಹಿಡಿದಿಡಲು ಅದಕ್ಕಿಂತ ತುಂಬ ಕಮ್ಮಿ ಸಾಕು. ಹಗಲು 19 ಇರುವಾಗ ಹೇಗೋ ದಾಟಿಕೊಳ್ಳುತ್ತದೆ. ಸಂಜೆ ಮನೆಗೆ 185 ಬರುತ್ತದೆ ಅಂತ ಇಟ್ಟುಕೊಳ್ಳಿ. ಆಗ ಟ್ರಾನ್ಸ್‌ಫಾರ್ಮರಿನಲ್ಲಿ 7.2, ತುದಿ 10.2, ಲೋಡ್ ಇಲ್ಲದೆ ಔಟ್‌ಪುಟ್ 19. ರಿಲೇ ಕೂತರೆ 15ರ ಆಸುಪಾಸು. ಎಳೆಯಲು ಸಾಲದು, ಹಿಡಿದಿಡಲು ಧಾರಾಳ. ನೀವು ನೋಡಿದ್ದು ಇದನ್ನೇ.

ಬದಿಯಡ್ಕದ ಭಾವ «ಕೆಪಾಸಿಟರ್ ದೊಡ್ಡದು ಹಾಕಿ, ಮುಗಿಯಿತು» ಅಂದಿದ್ದಾರೆ. ಹಾಕಿ, ಆದರೆ ಅದರಿಂದಲೇ ಮುಗಿಯುವುದಿಲ್ಲ. ಎರಡೂ 470 ಮೈಕ್ರೋ ಮಾಡಿದರೆ ಹಗಲು 19 ಇದ್ದದ್ದು 22.8 ಆಗುತ್ತದೆ. ಸಂಜೆ 18.1. ಬಾಗಿಲ ಹೊಸ್ತಿಲಲ್ಲಿ ನಿಂತ ಹಾಗೆ. 1000 ಹಾಕಿದರೂ 18.6 ದಾಟುವುದಿಲ್ಲ, ಯಾಕೆಂದರೆ ಲೋಡ್ ಇಲ್ಲದಾಗಲೇ ಇರುವುದು 19.

ನಾನು ಮೊದಲು ಬದಲಾಯಿಸುವುದು ಫ್ಲೋಟ್ ಸ್ವಿಚ್ಚಿನ ಜಾಗ. ಈಗ ಅದು 9 ವೋಲ್ಟಿನ ವೈರಲ್ಲಿ ಉಂಟು. ಸ್ವಿಚ್ ಕೂಡಿದಾಗ ಕೆಪಾಸಿಟರ್‌ಗಳು ಖಾಲಿ, ರಿಲೇ ಆಗಲೇ ಕರೆಂಟು ಎಳೆದುಕೊಳ್ಳುತ್ತಿರುತ್ತದೆ. ವೋಲ್ಟ್ ಮೆಲ್ಲ ಏರಿ 15ಕ್ಕೆ ನಿಂತುಬಿಡುತ್ತದೆ, 18 ಮುಟ್ಟುವುದೇ ಇಲ್ಲ. ಅದರ ಬದಲು ಟ್ರಾನ್ಸ್‌ಫಾರ್ಮರನ್ನು ಯಾವಾಗಲೂ ಚಾಲೂ ಇಡಿ. ಫ್ಲೋಟ್ ಸ್ವಿಚ್ಚನ್ನು ಎರಡನೇ ಕೆಪಾಸಿಟರ್ ಮತ್ತು ರಿಲೇಯ ನಡುವೆ ಹಾಕಿ. ಆಗ ಸಂಜೆಯೂ ಕೆಪಾಸಿಟರ್ 19ಕ್ಕೆ ತುಂಬಿ ಕಾಯುತ್ತಿರುತ್ತದೆ. ನೀರು ತುಂಬಿ ಸ್ವಿಚ್ ಕೂಡಿದ ಕೂಡಲೇ ರಿಲೇಗೆ ಪೂರ್ತಿ 19ರ ಪೆಟ್ಟು ಸಿಗುತ್ತದೆ. ರಿಲೇ ಎಳೆಯಲು ಸೆಕೆಂಡಿನ ನೂರನೇ ಒಂದು ಪಾಲು ಸಮಯ ಸಾಕು. 470 ಮೈಕ್ರೋ ಇದ್ದರೆ ಅಷ್ಟರಲ್ಲಿ ವೋಲ್ಟ್ ಹೆಚ್ಚೇನೂ ಇಳಿಯುವುದಿಲ್ಲ. ಆಮೇಲೆ ಇಳಿದರೆ ಇಳಿಯಲಿ, ಹಿಡಿದಿಡುತ್ತದೆ. ಸ್ವಿಚ್ ಅಲ್ಲಿಗೆ ಬಂದರೆ ಕಾಯಿಲಿಗೆ ಅಡ್ಡಲಾಗಿ ಇನ್ನೊಂದು 4007 ಹಾಕಬೇಕು, ಗೆರೆ ಪ್ಲಸ್ ಕಡೆಗೆ. ಇಲ್ಲದಿದ್ದರೆ ಸ್ವಿಚ್ ಬಿಡುವಾಗಲೆಲ್ಲ ಕಿಡಿ ಹಾರಿ ಅದರ ಕಾಂಟ್ಯಾಕ್ಟ್ ಸುಡುತ್ತದೆ.

ಫೋಟೋದಲ್ಲಿ ಕಂಡ ಇನ್ನೊಂದು ವಿಷಯ: ನಿಮ್ಮ ಎರಡೂ ಕೆಪಾಸಿಟರ್ 25 ವೋಲ್ಟಿನವು. ಮೊದಲನೆಯದಕ್ಕೆ ಬೀಳುವುದು 12, ಅದಕ್ಕೆ ಸಾಕು. ಎರಡನೆಯದಕ್ಕೆ ಸಾಲದು. ರಾತ್ರಿ ಎಲ್ಲರ ಪಂಪೂ ನಿಂತು ಲೈನು 250ಕ್ಕೆ ಏರಿದರೆ ಅಲ್ಲಿ 26 ದಾಟುತ್ತದೆ. ಫ್ಲೋಟ್ ಸ್ವಿಚ್ ಜಾಗ ಬದಲಾದ ಮೇಲಂತೂ ಅದು ರಾತ್ರಿಯಿಡೀ ಲೋಡ್ ಇಲ್ಲದೆ ಹಾಗೇ ಕೂತಿರುತ್ತದೆ. ಎರಡನೆಯದು 50 ವೋಲ್ಟಿನದ್ದು ತನ್ನಿ. ನಾನು ಒಂದು ಸಲ ಅಂಗಡಿಯಲ್ಲಿ 16ರದ್ದೇ ಇರುವುದು ಅಂದದ್ದಕ್ಕೆ ತಂದು ಹಾಕಿದ್ದೆ. ಮಧ್ಯರಾತ್ರಿ ಪಟಾಕಿ ಹೊಡೆದ ಹಾಗೆ ಶಬ್ದ ಬಂತು, ಆ ವಾಸನೆ ಮೂರು ದಿನ ಚಾವಡಿ ಬಿಟ್ಟು ಹೋಗಲಿಲ್ಲ.

ಒಂದು ಸಮಸ್ಯೆ ಮಾತ್ರ ಉಳಿಯುತ್ತದೆ. ಟ್ಯಾಂಕಿ ತುಂಬಿರುವಾಗಲೇ ಸಂಜೆ ಕರೆಂಟು ಹೋಗಿ ಬಂದರೆ ಸ್ವಿಚ್ ಕೂಡಿಯೇ ಇರುತ್ತದೆ, ಕೆಪಾಸಿಟರ್ ಖಾಲಿಯಿಂದ ಏರಬೇಕು. ಮತ್ತೆ ಅದೇ 18.1ರ ಕಥೆ. 4007 ಬದಲು 5819 ಶಾಟ್ಕಿ ಹಾಕಿದರೆ ಎರಡೂ ಸೇರಿ ಮುಕ್ಕಾಲು ವೋಲ್ಟಿನಷ್ಟು ಉಳಿತಾಯ ಆಗುತ್ತದೆ. ಅದು ಉಲ್ಟಾ ತಡೆಯುವುದು 40 ವೋಲ್ಟ್, ಇಲ್ಲಿ ಬೀಳುವುದು 28ರೊಳಗೆ, ಹಾಗಾಗಿ ಆಗುತ್ತದೆ. 12 ವೋಲ್ಟ್ ರಿಲೇ ತಂದು ಇದೇ ಟ್ರಾನ್ಸ್‌ಫಾರ್ಮರಿಗೆ ಬ್ರಿಜ್ ಹಾಕಿದರೂ ಸಂಜೆ ಸಿಗುವುದು 8.8, ಅದಕ್ಕೆ ಬೇಕಾದ್ದು 9. ಅಲ್ಲೂ ಹೊಸ್ತಿಲೇ. 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಂಜೆ ಸುಖ, ಆದರೆ ಈ ಡಬ್ಲರಿನಲ್ಲಿ ಹಗಲು 30ರ ಮೇಲೆ ಹೋಗಿ ಕಾಯಿಲ್ ಬಿಸಿಯಾಗುತ್ತದೆ. ಇದಕ್ಕೆ ಯಾರಾದರೂ ಒಳ್ಳೆಯ ದಾರಿ ಕಂಡುಕೊಂಡಿದ್ದರೆ ಹೇಳಿ.

ಅಣ್ಣಾ, ಇವತ್ತು ಸಂಜೆ ಏಳರ ಹೊತ್ತಿಗೆ ಎರಡು ಸಲ ಅಳೆದು ಇಲ್ಲಿ ಹಾಕಿ: ಟ್ರಾನ್ಸ್‌ಫಾರ್ಮರಿನ ಎಸಿ, ಮತ್ತೆ ರಿಲೇ ಕಳಚಿದಾಗಿನ ಡಿಸಿ. 185 ಅನ್ನುವುದು ನನ್ನ ಅಂದಾಜು ಮಾತ್ರ. ನಿಮ್ಮಲ್ಲಿ 195 ಇದ್ದರೆ 470 ಹಾಕಿದ ಮೇಲೆ ಶಾಟ್ಕಿ ಬೇಕಾಗಲಿಕ್ಕಿಲ್ಲ.