ಡೊಂಕು ದಾರಿಯ ಕಥೆಯನ್ನು ಹೈಸ್ಕೂಲಿನ ಮಕ್ಕಳಿಗೆ ಹೇಳುವುದು ಹೇಗೆ

ಪ್ರಶ್ನೆ: ನಾನು ಓದಿದ ಹೈಸ್ಕೂಲಿನಲ್ಲಿ ವೃತ್ತಿ ಮಾರ್ಗದರ್ಶನದ ಬಗ್ಗೆ ಮಾತನಾಡಲು ಕರೆದಿದ್ದಾರೆ. ಓದಿದ್ದು ಒಂದು, ಈಗ ಮಾಡುತ್ತಿರುವುದು ಇನ್ನೊಂದು, ನಡುವೆ ಎರಡು ಮೂರು ಕಡೆ ಹೊರಳಿದ್ದೇನೆ. ಈ ಕಥೆಯನ್ನೇ ಹೇಳಿದರೆ ಮಕ್ಕಳಿಗೆ ಉಪಯೋಗವಾದೀತೇ?

ಉತ್ತರ: ಆಗುತ್ತದೆ. ಆದರೆ ಈಗ ಕುಳಿತು ಹಿಂದಿರುಗಿ ನೋಡಿದಾಗ ಕಾಣುವ ಕ್ರಮದಲ್ಲಿ ಅದನ್ನು ಹೇಳಬೇಡಿ. ನಾನು ಮೊದಲ ಸಲ ನನ್ನ ಶಾಲೆಗೆ ಹೋದಾಗ ಹಾಗೆಯೇ ಹೇಳಿದೆ: ಹಡಗಿನ ಅಧಿಕಾರಿಯಾಗಬೇಕೆಂದು ಹೊರಟಿದ್ದೆ, ಆಗಲಿಲ್ಲ, ಒಂದು ವರ್ಷ ಗಣಿತದ ಪಾಠ ಹೇಳಿದೆ, ಹಡಗು ಏಜೆಂಟರ ಕಚೇರಿಯಲ್ಲಿ ಗುಮಾಸ್ತನಾದೆ, ಕೊನೆಗೆ ಕಂಟೇನರ್ ಹಡಗುಗಳಲ್ಲಿ ಯಾವ ಪೆಟ್ಟಿಗೆ ಎಲ್ಲಿ ಕೂರಬೇಕೆಂದು ಯೋಜಿಸುವವನಾದೆ, ಈಗ ನೆಮ್ಮದಿಯಾಗಿದ್ದೇನೆ. ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಹಾಗಾದರೆ ನಾವು ಯಾವ ವಿಷಯ ತೆಗೆದುಕೊಂಡರೂ ನಡೆಯುತ್ತದೆಯೇ, ಸರ್?” ಎಂದು ಕೇಳಿದಳು. ನಡೆಯುವುದಿಲ್ಲ ಎಂಬುದೇ ಸರಿಯಾದ ಉತ್ತರವಾಗಿತ್ತು. ನನ್ನ ಮೂವತ್ತೈದು ನಿಮಿಷದ ಮಾತು ಮಾತ್ರ ನಡೆಯುತ್ತದೆ ಎಂದೇ ಹೇಳಿಬಿಟ್ಟಿತ್ತು.

ಮುಂದಿನ ಸಲ ಹೋದಾಗ ಇಡೀ ಜೀವನಚರಿತ್ರೆಯನ್ನು ಬಿಟ್ಟು ಎರಡೇ ತಿರುವುಗಳನ್ನು ಆರಿಸಿಕೊಂಡೆ. ಪ್ರತಿಯೊಂದು ತಿರುವಿನಲ್ಲೂ ಮಾತು ನಿಲ್ಲಿಸಿ, ಆ ದಿನ ನನಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಕೈಯಲ್ಲಿ ಎಷ್ಟು ಸಮಯ ಮತ್ತು ಹಣವಿತ್ತು ಎಂಬುದನ್ನು ಹಲಗೆಯ ಮೇಲೆ ಬರೆದೆ. ಮುಂದೇನಾಯಿತು ಎಂದು ಹೇಳುವ ಮೊದಲು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಮಕ್ಕಳನ್ನು ಕೇಳಿದೆ. ಫಲಿತಾಂಶ ಗೊತ್ತಾದ ಮೇಲೆ ಪ್ರತಿಯೊಂದು ನಿರ್ಧಾರವೂ ಬುದ್ಧಿವಂತಿಕೆಯದೆಂದು ತೋರುವುದರಿಂದ ಈ ಕ್ರಮ ಮುಖ್ಯ.

ನನ್ನ ಮೊದಲ ತಿರುವು ಇದು. ಹಡಗಿನ ಮೇಲ್ತಟ್ಟಿನ ಅಧಿಕಾರಿಯಾಗಲು ಎರಡು ವರ್ಷ ತಯಾರಿ ಮಾಡಿದ್ದೆ. ಗಣಿತ, ಭೌತಶಾಸ್ತ್ರ, ಈಜು ಎಲ್ಲವೂ ಸರಿಯಿತ್ತು. ವೈದ್ಯಕೀಯ ತಪಾಸಣೆಯ ದಿನ ವೈದ್ಯರು ಬಣ್ಣದ ಚುಕ್ಕೆಗಳ ಪುಸ್ತಕವೊಂದನ್ನು ತೆರೆದರು. ಜಪಾನಿನ ನೇತ್ರತಜ್ಞ ಶಿನೊಬು ಇಶಿಹಾರ 1917ರಲ್ಲಿ ಹೊರತಂದ ಪರೀಕ್ಷೆ ಅದು. ಅದರ ಒಂದು ಪುಟದಲ್ಲಿ ಸಾಮಾನ್ಯ ದೃಷ್ಟಿಯವರಿಗೆ 74 ಕಾಣುತ್ತದೆ. ಕೆಂಪು-ಹಸಿರು ಗುರುತಿಸುವಲ್ಲಿ ದೋಷವಿರುವವರಿಗೆ ಸಾಮಾನ್ಯವಾಗಿ 21 ಎಂದು ಕಾಣುತ್ತದೆ. ನಾನು ಸ್ವಲ್ಪವೂ ಅನುಮಾನಿಸದೆ, ಗಟ್ಟಿಯಾಗಿ, 21 ಎಂದೆ. ವೈದ್ಯರು ಇನ್ನೊಮ್ಮೆ ನೋಡಲು ಹೇಳಿದರು. ಇನ್ನೊಮ್ಮೆಯೂ 21.

ಈ ನಿಯಮ ಅನ್ಯಾಯವೆಂದು ಮಕ್ಕಳಿಗೆ ತೋರಬಾರದು. ರಾತ್ರಿ ಸಮುದ್ರದಲ್ಲಿ ಹಡಗಿನ ಎಡಬದಿಯಲ್ಲಿ ಕೆಂಪು ದೀಪ, ಬಲಬದಿಯಲ್ಲಿ ಹಸಿರು ದೀಪ ಇರುತ್ತದೆ. ನಮ್ಮ ಬಲಗಡೆಯಿಂದ ಅಡ್ಡಹಾಯುವ ಹಡಗಿನ ಕೆಂಪು ದೀಪ ಕಂಡರೆ ದಾರಿ ಬಿಡಬೇಕಾದವರು ನಾವು. ಆ ಕೆಂಪನ್ನು ಹಸಿರೆಂದು ತಿಳಿಯುವವನ ಕೈಗೆ ಚುಕ್ಕಾಣಿ ಕೊಡಲಾಗದು.

ಇಲ್ಲಿ ಮಕ್ಕಳು ತಿಳಿಯಬೇಕಾದದ್ದು ನನ್ನ ದುಃಖವನ್ನಲ್ಲ. ಆ ಪರೀಕ್ಷೆಗೆ ಬೇಕಾದದ್ದು ಕೆಲವೇ ನಿಮಿಷ. ಬಹುಮಟ್ಟಿಗೆ ಹುಟ್ಟಿನಿಂದಲೇ ಬರುವ ಈ ದೋಷವನ್ನು ಹೈಸ್ಕೂಲಿನಲ್ಲಿಯೇ ಯಾವ ಕಣ್ಣಿನ ವೈದ್ಯರ ಬಳಿಯಲ್ಲಾದರೂ ತಿಳಿಯಬಹುದಿತ್ತು, ನನ್ನ ಎರಡು ವರ್ಷ ಉಳಿಯುತ್ತಿತ್ತು. ಇದು ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಬಹಳ ಹೆಚ್ಚು, ಮತ್ತು ಇರುವವರಲ್ಲಿ ಅನೇಕರಿಗೆ ಇದೆಯೆಂದು ತಿಳಿದೇ ಇರುವುದಿಲ್ಲ, ಏಕೆಂದರೆ ಬೇರೆ ಬಗೆಯ ನೋಟ ಹೇಗಿರುತ್ತದೆಂದು ಅವರು ಕಂಡಿಲ್ಲ. ಪರದೆಯ ಮೇಲೆ ನೋಡಿ ತೀರ್ಮಾನಕ್ಕೆ ಬರಬೇಡಿ ಎಂದೂ ಹೇಳಿ. ಪರದೆಯ ಬಣ್ಣ, ಕೋಣೆಯ ಬೆಳಕು ಎರಡೂ ಉತ್ತರವನ್ನು ಕೆಡಿಸುತ್ತವೆ. ಇಲ್ಲಿಂದ ಮಾತು ತಾನಾಗಿ ಪ್ರವೇಶದ ಷರತ್ತುಗಳ ಕಡೆಗೆ ಹೋಗುತ್ತದೆ: ಯಾವ ದಾರಿಗೆ ಯಾವ ವಿಷಯ ಓದಿರಲೇಬೇಕು, ವಯಸ್ಸಿನ ಮಿತಿ ಎಷ್ಟು, ದೇಹಕ್ಕೆ ಸಂಬಂಧಿಸಿದ ನಿಯಮವೇನು. ಗಣಿತವನ್ನು ಬಿಟ್ಟ ಮೇಲೆ ಎಂಜಿನಿಯರಿಂಗಿಗೆ ಮರಳುವುದು ಕಷ್ಟ. ಗಣಿತ ಓದಿ ಇತಿಹಾಸಕ್ಕೆ ಹೊರಳುವುದು ಅಷ್ಟು ಕಷ್ಟವಲ್ಲ. ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದೇ. ನಿಮ್ಮ ಕಾಲದ ನಿಯಮಗಳನ್ನು ಮಾತ್ರ ಇಂದಿನ ನಿಯಮಗಳೆಂದು ಹೇಳಬೇಡಿ. ಈ ವರ್ಷದ ಪ್ರವೇಶ ಪ್ರಕಟಣೆಯನ್ನೇ ತೆರೆದು ಓದಿಸಿ.

ಎರಡನೆಯ ತಿರುವಿನಲ್ಲಿ ಅದೃಷ್ಟದ ಪಾಲನ್ನು ಮುಚ್ಚಿಡಬಾರದು. ಪಾಠ ಹೇಳುತ್ತಿದ್ದ ವರ್ಷ ನಾನು ಅಣ್ಣನ ಸಂಬಳದಲ್ಲಿ ಊಟ ಮಾಡುತ್ತಿದ್ದೆ. ಅವನಿಲ್ಲದಿದ್ದರೆ ಸಿಕ್ಕಿದ ಮೊದಲ ಕೆಲಸಕ್ಕೆ ಸೇರಬೇಕಾಗುತ್ತಿತ್ತು. ಗುಮಾಸ್ತನ ಕೆಲಸ ಖಾಲಿಯಿದ್ದದ್ದು ಒಬ್ಬ ವಿದ್ಯಾರ್ಥಿಯ ತಂದೆಯಿಂದ ತಿಳಿಯಿತು. ವೃತ್ತಿ ಸಲಹೆಯ ಕ್ಷೇತ್ರದಲ್ಲಿ ಹೆಸರಾದ ಜಾನ್ ಕ್ರಂಬೋಲ್ಟ್ಜ್ ಮತ್ತು ಜೊತೆಗಾರರು 1999ರಲ್ಲಿ ಇಂಥ ಆಕಸ್ಮಿಕಗಳ ಬಗ್ಗೆಯೇ ಬರೆದರು: ಆಕಸ್ಮಿಕಗಳು ಎಲ್ಲರಿಗೂ ಬರುತ್ತವೆ, ಅವನ್ನು ಗುರುತಿಸಿ ಬಳಸಿಕೊಳ್ಳಲು ಕುತೂಹಲ, ಪಟ್ಟು, ಹೊಂದಿಕೊಳ್ಳುವ ಗುಣ ಮೊದಲಾದವು ಬೇಕು ಎಂಬುದು ಅವರ ವಾದದ ತಿರುಳು. ನನ್ನ ವಿಷಯದಲ್ಲಿ, ದಂಡವಾಯಿತೆಂದುಕೊಂಡಿದ್ದ ಎರಡು ವರ್ಷದ ಓದಿನಿಂದ ಹಡಗಿನ ತೂಕ, ತೇಲುವಿಕೆ, ಸಮತೋಲನ ತಲೆಯಲ್ಲಿ ಉಳಿದಿದ್ದವು. ಕಚೇರಿ ಮುಗಿದ ಮೇಲೆ ಯೋಜನೆಯ ಕೋಣೆಯಲ್ಲಿ ಕೂತು ನೋಡಲು ಅನುಮತಿ ಕೇಳಿದ್ದು ಅದರಿಂದಲೇ. ಎಂಟು ತಿಂಗಳು ಸಂಬಳವಿಲ್ಲದೆ ಕೂತೆ. ಅಲ್ಲಿದ್ದವರೊಬ್ಬರು ಕೆಲಸ ಬಿಟ್ಟರು. ಅವರು ಬಿಡದಿದ್ದರೆ ಇನ್ನೆಷ್ಟು ದಿನ ಕೂರುತ್ತಿದ್ದೆನೋ ಗೊತ್ತಿಲ್ಲ. ಇದನ್ನೂ ಹೇಳಿದೆ.

ಕೆಲಸ ಏನೆಂಬುದನ್ನು ಮಕ್ಕಳಿಗೆ ತೋರಿಸಲು ನನ್ನ ತಪ್ಪೊಂದನ್ನು ಬಳಸಿದೆ. ಭಾರದ ಪೆಟ್ಟಿಗೆ ಕೆಳಗೆ ಇರಬೇಕು, ಆದರೆ ಮೊದಲು ಬರುವ ಬಂದರಿನಲ್ಲಿ ಇಳಿಯಬೇಕಾದದ್ದು ಮೇಲೆ ಇರಬೇಕು. ಈ ಎರಡರ ಜಗಳ ಬಿಡಿಸುವುದೇ ನಮ್ಮ ದಿನದ ಕೆಲಸ. ಮೊದಲ ತಿಂಗಳಲ್ಲಿ ತೂಕವನ್ನಷ್ಟೇ ನೋಡಿ, ಮೊದಲ ಬಂದರಿನ ಪೆಟ್ಟಿಗೆಗಳ ಮೇಲೆ ಎರಡನೆಯ ಬಂದರಿನವನ್ನು ಇಡಿಸಿದೆ. ಅಲ್ಲಿ ಹದಿನಾಲ್ಕು ಪೆಟ್ಟಿಗೆಗಳನ್ನು ಸುಮ್ಮನೆ ಇಳಿಸಿ ಮತ್ತೆ ಏರಿಸಬೇಕಾಯಿತು. ಹಲಗೆಯ ಮೇಲೆ ಆರು ಚೌಕ ಬರೆದು, ತೂಕ ಮತ್ತು ಬಂದರು ಕೊಟ್ಟು, ಜೋಡಿಸಿ ಎಂದೆ. ಅಷ್ಟು ಹೊತ್ತು ಮಂಕಾಗಿ ಕೂತಿದ್ದ ಹುಡುಗರು ಎದ್ದು ಬಂದು ಸೀಮೆಸುಣ್ಣ ಕಿತ್ತುಕೊಂಡರು. ಅಂದಹಾಗೆ, ನಮ್ಮ ಪರದೆಯಲ್ಲಿ ಬಂದರುಗಳಿಗೆ ಬೇರೆ ಬೇರೆ ಬಣ್ಣವಿರುತ್ತದೆ. ನಾನು ಪ್ರತಿ ಚೌಕದಲ್ಲೂ ಬಂದರಿನ ಅಕ್ಷರ ಕಾಣುವಂತೆ ಮಾಡಿಸಿಕೊಂಡಿದ್ದೇನೆ.

ಸಮಯದ ವಿಷಯ: ನಲವತ್ತು ನಿಮಿಷವಿದ್ದರೆ ನಿಮ್ಮ ಮಾತು ಇಪ್ಪತ್ತನ್ನು ದಾಟದಿರಲಿ. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಸಿ, ಏಕೆಂದರೆ ಕೈಯೆತ್ತಿ ಕೇಳುವ ಪ್ರಶ್ನೆಗಳು ಬಹುತೇಕ ಮೇಷ್ಟರು ಕೇಳಿಸಿಕೊಳ್ಳಲೆಂದು ಕೇಳುವಂಥವು. ಎರಡನೆಯ ಸಲ ನನಗೆ ಬಂದ ಚೀಟಿಗಳಲ್ಲಿ ಸಂಬಳದ ಬಗ್ಗೆ ಬಹಳ ಇದ್ದವು, ಮನೆಯವರು ಒಪ್ಪದಿದ್ದರೆ ಏನು ಮಾಡುವುದೆಂದು ನಾಲ್ಕೈದು. ಒಂದರಲ್ಲಿ ಮಾತ್ರ, “ಆ 74 ಇರುವ ಪುಟ ತೋರಿಸುತ್ತೀರಾ?” ಎಂದಿತ್ತು. ನಾನು ಪುಸ್ತಕವನ್ನೇ ತಂದಿರಲಿಲ್ಲ. ಸಂಜೆ ಮುಖ್ಯೋಪಾಧ್ಯಾಯರ ಬಳಿ ಕಣ್ಣಿನ ತಪಾಸಣೆಯ ಒಂದು ದಿನ ಇಡಿಸಿ ಎಂದು ಕೇಳಿಕೊಂಡು ಬಂದೆ.