ಫ್ರಿಕ್ಷನ್ ಗ್ರಿಪ್ ಬೋಲ್ಟ್, ಬೇರಿಂಗ್ ಬೋಲ್ಟ್: ಲೆಕ್ಕ ಎಲ್ಲಿ ಬೇರೆಯಾಗುತ್ತದೆ

ಪ್ರಶ್ನೆ: ಕ್ರೇನ್ ಇರುವ ಶೆಡ್ಡಿನ ಕಂಬದ ಬ್ರೇಸಿಂಗ್ ಜಾಯಿಂಟಿಗೆ ಎಂ20, 8.8 ಗ್ರೇಡಿನ 6 ಬೋಲ್ಟ್ ಹಾಕಿದ್ದೇನೆ. 12 ಮಿ.ಮೀ. ಪ್ಲೇಟ್, ಒಂದೇ ಶಿಯರ್ ಪ್ಲೇನ್. ಸರ್ವಿಸ್ ಲೋಡ್ 300 ಕಿಲೋನ್ಯೂಟನ್, ಫ್ಯಾಕ್ಟರ್ಡ್ 450. ಬೇರಿಂಗ್ ಟೈಪ್ ಲೆಕ್ಕದಲ್ಲಿ ಪಾಸಾಗಿದೆ. ಕನ್ಸಲ್ಟೆಂಟ್ ಮಾತ್ರ ಇದನ್ನು ಫ್ರಿಕ್ಷನ್ ಗ್ರಿಪ್ ಮಾಡಿ ಅನ್ನುತ್ತಾರೆ. ಬೋಲ್ಟ್ ಅದೇ ತಾನೇ, ಲೆಕ್ಕ ಯಾಕೆ ಬದಲಾಗಬೇಕು?

ಉತ್ತರ:

ಬೋಲ್ಟ್ ಅದೇ ಇರಬಹುದು, ಆದರೆ ಲೋಡ್ ಒಂದು ಪ್ಲೇಟಿನಿಂದ ಇನ್ನೊಂದಕ್ಕೆ ಹೋಗುವ ದಾರಿ ಬೇರೆ. ಬೇರಿಂಗ್ ಜಾಯಿಂಟಿನಲ್ಲಿ ಪ್ಲೇಟ್ ಸ್ವಲ್ಪ ಜಾರಿ ರಂಧ್ರದ ಅಂಚು ಬೋಲ್ಟಿಗೆ ತಾಗುತ್ತದೆ, ಆಮೇಲೆ ಬೋಲ್ಟಿನ ಕಾಂಡ ಶಿಯರ್ ಹೊರುತ್ತದೆ. ಫ್ರಿಕ್ಷನ್ ಗ್ರಿಪ್ಪಿನಲ್ಲಿ ಬೋಲ್ಟ್ ಮಾಡುವ ಕೆಲಸ ಪ್ಲೇಟುಗಳನ್ನು ಒತ್ತಿ ಹಿಡಿಯುವುದಷ್ಟೇ. ಲೋಡ್ ದಾಟುವುದು ಪ್ಲೇಟುಗಳ ನಡುವಿನ ಘರ್ಷಣೆಯಿಂದ. ಹಾಗಾಗಿ ಮೊದಲನೆಯದರಲ್ಲಿ ಬೋಲ್ಟಿನ ಅಡ್ಡಕೊಯ್ತದ ವಿಸ್ತೀರ್ಣ, ಪ್ಲೇಟಿನ ದಪ್ಪ, ಅಂಚಿನ ದೂರ ಲೆಕ್ಕಕ್ಕೆ ಬರುತ್ತವೆ. ಎರಡನೆಯದರಲ್ಲಿ ಬೋಲ್ಟಿನಲ್ಲಿರುವ ಎಳೆತ ಎಷ್ಟು, ಮೇಲ್ಮೈ ಹೇಗಿದೆ ಎಂಬುದೇ ಮುಖ್ಯ. ಸ್ಲಿಪ್ ಸೂತ್ರದಲ್ಲಿ ಪ್ಲೇಟಿನ ದಪ್ಪ ಎಲ್ಲೂ ಕಾಣುವುದಿಲ್ಲ.

ನಿಮ್ಮ ಜಾಯಿಂಟಿಗೇ ಐಎಸ್ 800:2007 ಹಚ್ಚಿ ನೋಡೋಣ. 16 ಮಿ.ಮೀ.ಗಿಂತ ದಪ್ಪದ 8.8 ಬೋಲ್ಟಿಗೆ ಕೋಡ್ ಮುರಿಯುವ ಎಳೆತದ ಒತ್ತಡ 830 ಎಂಪಿಎ ಕೊಟ್ಟಿದ್ದರೂ ಸರಳವಾಗಿರಲಿ ಎಂದು 800 ಹಿಡಿದಿದ್ದೇನೆ. ಥ್ರೆಡ್ ಭಾಗದ ವಿಸ್ತೀರ್ಣ 245 ಚದರ ಮಿ.ಮೀ. ಮೊದಲು ಬೇರಿಂಗ್ ಟೈಪ್:

```
ಶಿಯರ್:   Vdsb = 800/√3 × 245 / 1.25 = 90.5 kN
ಬೇರಿಂಗ್: Vdpb = 2.5 × kb × d × t × fu / 1.25
        = 2.5 × 0.606 × 20 × 12 × 410 / 1.25 = 119 kN
```

ರಂಧ್ರ 22 ಮಿ.ಮೀ., ಅಂಚಿನ ದೂರ 40, ಪಿಚ್ 60 ಎಂದಿಟ್ಟುಕೊಂಡರೆ kb 0.606 ಬರುತ್ತದೆ, ಇಲ್ಲಿ ಅಂಚಿನ ದೂರವೇ ಅದನ್ನು ನಿರ್ಧರಿಸಿದೆ. ಎರಡರಲ್ಲಿ ಕಡಿಮೆಯದು ಶಿಯರ್. 6 ಬೋಲ್ಟಿಗೆ 543 ಕಿಲೋನ್ಯೂಟನ್, ಬೇಕಾದದ್ದು 450. ನಿಮ್ಮ ಲೆಕ್ಕ ಸರಿಯಾಗಿಯೇ ಇದೆ.

ಈಗ ಸ್ಲಿಪ್:

```
F0   = 0.7 × 800 × 245 = 137.2 kN
Vdsf = μf × ne × Kh × F0 / γmf
```

F0 ಅಂದರೆ ಬೋಲ್ಟಿಗೆ ಕೊಡುವ ಎಳೆತ, μf ಅಂದರೆ ಮೇಲ್ಮೈಯ ಘರ್ಷಣಾಂಕ, ne ಅಂದರೆ ಜಾರುವ ಮೇಲ್ಮೈಗಳ ಸಂಖ್ಯೆ, ನಿಮಗೆ 1. ಮಾಮೂಲಿ ರಂಧ್ರಕ್ಕೆ Kh 1.0, ದೊಡ್ಡ ರಂಧ್ರಕ್ಕೆ 0.85, ಉದ್ದ ಸ್ಲಾಟಿನ ದಿಕ್ಕಿನಲ್ಲೇ ಲೋಡ್ ಬಂದರೆ 0.7. ಭಾಗಿಸುವ γmf ಎರಡು ಬಗೆ: ಸರ್ವಿಸ್ ಲೋಡಿನಲ್ಲಿ ಮಾತ್ರ ಜಾರಬಾರದು ಎಂದಾದರೆ 1.10, ಅಲ್ಟಿಮೇಟ್ ಲೋಡಿನಲ್ಲೂ ಜಾರಬಾರದು ಎಂದಾದರೆ 1.25. ಬಹಳ ಜನ ಎಡವುವುದು ಇಲ್ಲಿಯೇ. 1.10 ಬಳಸಿದರೆ ಎದುರಿಗೆ ಇಡಬೇಕಾದದ್ದು 300, 1.25 ಬಳಸಿದರೆ 450. ಇವುಗಳನ್ನು ಬೆರೆಸಿ 1.10ಕ್ಕೆ ಫ್ಯಾಕ್ಟರ್ಡ್ ಲೋಡ್ ಇಟ್ಟರೆ ಬೋಲ್ಟ್ ವೃಥಾ ಹೆಚ್ಚುತ್ತವೆ, 1.25ಕ್ಕೆ ಸರ್ವಿಸ್ ಲೋಡ್ ಇಟ್ಟರೆ ಅಲ್ಟಿಮೇಟಿನಲ್ಲಿ ಜಾರುವುದಿಲ್ಲ ಎಂಬ ಸುಳ್ಳು ಧೈರ್ಯ ಬರುತ್ತದೆ.

ಗ್ರಿಟ್ ಬ್ಲಾಸ್ಟ್ ಮಾಡಿ, ಸಡಿಲ ತುಕ್ಕು ತೆಗೆದು, ಬಣ್ಣ ಹಚ್ಚದ ಮೇಲ್ಮೈಗೆ ಕೋಡಿನ ಕೋಷ್ಟಕ 20ರಲ್ಲಿ ಘರ್ಷಣಾಂಕ 0.50. ಆಗ ಸರ್ವಿಸ್ ಲೋಡಿಗೆ ಒಂದು ಬೋಲ್ಟಿನ ಸಾಮರ್ಥ್ಯ 62.4 ಕಿಲೋನ್ಯೂಟನ್, 6ಕ್ಕೆ 374. 300ಕ್ಕಿಂತ ಜಾಸ್ತಿ, ಪಾಸು. ಆದರೆ ಇಲ್ಲಿಗೇ ನಿಲ್ಲಿಸಬೇಡಿ. ಸರ್ವಿಸ್ ಲೋಡಿಗಷ್ಟೇ ಸ್ಲಿಪ್ ತಡೆದಿದ್ದರೆ ಅಲ್ಟಿಮೇಟ್ ಹೊತ್ತಿಗೆ ಜಾಯಿಂಟ್ ಜಾರಿಬಿಟ್ಟಿರುತ್ತದೆ, ಆಗ ಹೊರುವುದು ಮತ್ತೆ ಬೇರಿಂಗೇ. ಆದ್ದರಿಂದ ಮೇಲಿನ 543ರ ಲೆಕ್ಕವನ್ನೂ 450ಕ್ಕೆ ಎದುರಾಗಿ ತೋರಿಸಲೇಬೇಕು. ಅಲ್ಟಿಮೇಟಿನಲ್ಲೂ ಜಾರಬಾರದು ಎಂದು ಕೇಳಿದರೆ ಬೋಲ್ಟಿಗೆ 54.9 ಮಾತ್ರ ಸಿಗುತ್ತದೆ, 9 ಬೇಕು. ಎರಡು ಸಾಲಿಗೆ ಹೊಂದಿಸಿದರೆ 10. ಕನ್ಸಲ್ಟೆಂಟ್ ಕೇಳುತ್ತಿರುವುದು ಇವೆರಡರಲ್ಲಿ ಯಾವುದು ಎಂದು ಬರವಣಿಗೆಯಲ್ಲಿ ತಿಳಿದುಕೊಳ್ಳಿ.

ಅವರು ಯಾಕೆ ಕೇಳಿದರು ಎಂಬುದು ನನಗೆ ಸ್ಪಷ್ಟವಾಗಿದೆ. ಕ್ರೇನ್ ಓಡಿ ಬ್ರೇಕ್ ಹಾಕಿದಾಗ ಬ್ರೇಸಿಂಗಿನಲ್ಲಿರುವ ಬಲದ ದಿಕ್ಕು ಬದಲಾಗುತ್ತದೆ. 20ರ ಬೋಲ್ಟಿಗೆ 22ರ ರಂಧ್ರವಿದ್ದಾಗ, ಬೋಲ್ಟ್ ಎರಡೂ ಪ್ಲೇಟಿನ ರಂಧ್ರಗಳ ಸರಿಮಧ್ಯದಲ್ಲಿದ್ದರೆ, ಪ್ಲೇಟುಗಳು ಒಂದು ಕಡೆಗೆ 2 ಮಿ.ಮೀ. ಜಾರಬಹುದು, ಆ ತುದಿಯಿಂದ ಈ ತುದಿಗೆ 4 ಮಿ.ಮೀ. ಪ್ರತಿ ಬಾರಿ ದಿಕ್ಕು ಬದಲಾದಾಗಲೂ ಈ ಆಟ ನಡೆದರೆ ನಟ್ ಸಡಿಲವಾಗುತ್ತದೆ, ರಂಧ್ರ ಸವೆಯುತ್ತದೆ. ಲೋಡ್ ಒಂದೇ ದಿಕ್ಕಿನಲ್ಲಿ ನಿಂತಿರುವ ಸಾಮಾನ್ಯ ಜಾಯಿಂಟಿಗೆ ಈ ಖರ್ಚು ಬೇಕಿಲ್ಲ, ಬೇರಿಂಗ್ ಟೈಪೇ ಸರಿ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಜಾಯಿಂಟನ್ನು ಕೆಡಿಸುವ ಸಾಧ್ಯತೆ ಹೆಚ್ಚಿರುವುದು ಮೇಲ್ಮೈ. ಬ್ಲಾಸ್ಟ್ ಏನೂ ಮಾಡದ ಮೇಲ್ಮೈಗೆ 0.20. ಆಗ ಸರ್ವಿಸ್ ಲೋಡಿಗೇ ಬೋಲ್ಟಿಗೆ 24.9, ಅಂದರೆ 13 ಬೋಲ್ಟ್ ಬೇಕು. ಬ್ಲಾಸ್ಟ್ ಮಾಡಿ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದರೆ 0.10, 25 ಬೋಲ್ಟ್! ಕೆಂಪು ಸೀಸದ ಪ್ರೈಮರಿಗೂ 0.10 ಮಾತ್ರ. ಡಿಸೈನಿನಲ್ಲಿ 0.50 ಹಿಡಿದು, ಡ್ರಾಯಿಂಗಿನಲ್ಲಿ ಅದನ್ನು ಬರೆಯದೆ ಬಿಟ್ಟರೆ, ಶಾಪಿನವರು ಎಲ್ಲ ಪ್ಲೇಟುಗಳಂತೆ ಇದಕ್ಕೂ ಪ್ರೈಮರ್ ಹೊಡೆಯುತ್ತಾರೆ. ಅವರ ತಪ್ಪಲ್ಲ. ಘರ್ಷಣಾಂಕ 0.10ಕ್ಕೆ ಇಳಿದರೆ ನಿಮ್ಮ 6 ಬೋಲ್ಟಿನ ಜಾಯಿಂಟ್, ಸುರಕ್ಷತಾ ಅಂಶವನ್ನೇ ತೆಗೆದರೂ, ಸುಮಾರು 82 ಕಿಲೋನ್ಯೂಟನ್ನಿಗೆ ಜಾರಬಹುದು. ಆದ್ದರಿಂದ ಡ್ರಾಯಿಂಗಿನಲ್ಲೇ ತಾಗುವ ಮೇಲ್ಮೈಯ ಗಡಿ ಗುರುತಿಸಿ, "ಬ್ಲಾಸ್ಟ್ ಮಾತ್ರ, ಪೇಂಟ್ ಬೇಡ, ಮಾಸ್ಕಿಂಗ್ ಮಾಡಿ" ಎಂದು ಬರೆಯಿರಿ. ತುಕ್ಕಿನ ಭಯದಿಂದ ಬಣ್ಣ ಬೇಕೇ ಬೇಕು ಎಂದರೆ ಎಥೈಲ್ ಜಿಂಕ್ ಸಿಲಿಕೇಟ್ ಹಾಕಿಸಿ 0.30 ಹಿಡಿಯಬಹುದು, ಆಗ ಬೋಲ್ಟಿಗೆ 37.4, 300ಕ್ಕೆ 8 ಬೋಲ್ಟ್ ಕೂದಲೆಳೆಯಲ್ಲಿ ಸಾಲುವುದಿಲ್ಲ, 10 ಹಾಕಿ.

ಎರಡನೇ ತೊಂದರೆ ಎಳೆತದ್ದು. ಟಾರ್ಕ್ ರೆಂಚ್ ಅಳೆಯುವುದು ತಿರುಚುವ ಬಲವನ್ನು, ಬೋಲ್ಟಿನ ಎಳೆತವನ್ನಲ್ಲ. ಟಾರ್ಕ್ ಗುಣಾಂಕ 0.2 ಆಗಿದ್ದರೆ 137 ಕಿಲೋನ್ಯೂಟನ್ ಎಳೆತಕ್ಕೆ ಸುಮಾರು 550 ನ್ಯೂಟನ್ ಮೀಟರ್ ಬೇಕು. ಮಳೆಯಲ್ಲಿ ಬಿದ್ದು ನಟ್ ತುಕ್ಕು ಹಿಡಿದು ಗುಣಾಂಕ 0.3ಕ್ಕೆ ಏರಿದರೆ ಅದೇ 550ಕ್ಕೆ ಸಿಗುವುದು ಸುಮಾರು 92 ಮಾತ್ರ. ರೆಂಚ್ "ಟಕ್" ಎಂದಿರುತ್ತದೆ, ಸೂಪರ್‌ವೈಸರ್ ಟಿಕ್ ಹಾಕಿರುತ್ತಾರೆ, ಆದರೆ 374 ಇದ್ದ ಸಾಮರ್ಥ್ಯ 250ರ ಆಸುಪಾಸಿಗೆ ಇಳಿದಿರುತ್ತದೆ. ಹೀಗಾಗಿ ಗುಣಾಂಕವನ್ನು ಪುಸ್ತಕದಿಂದ ಹಿಡಿಯದೆ, ಅದೇ ಲಾಟಿನ ಬೋಲ್ಟ್, ನಟ್, ವಾಷರ್ ಇಟ್ಟು ಎಳೆತ ಅಳೆಯುವ ಉಪಕರಣದಲ್ಲಿ ರೆಂಚ್ ಸೆಟ್ ಮಾಡಿಸಿ. ಇಲ್ಲವೇ ಪಾರ್ಟ್ ಟರ್ನ್ ವಿಧಾನ ಅಥವಾ ಎಳೆತ ತೋರಿಸುವ ವಾಷರ್ ಬಳಸಿ.

ಪಾರ್ಟ್ ಟರ್ನ್ ಮಾಡುವುದಾದರೆ ಮೊದಲು ಎಲ್ಲ ಬೋಲ್ಟ್ ಸಾಧಾರಣ ಬಿಗಿ ಮಾಡಿ ಪ್ಲೇಟುಗಳ ನಡುವೆ ಸಂದು ಇಲ್ಲವೆಂದು ನೋಡಿ. ಸಂದು ಉಳಿದಿದ್ದರೆ ಎಳೆತವೆಲ್ಲ ಪ್ಲೇಟ್ ಬಗ್ಗಿಸುವುದರಲ್ಲೇ ಖರ್ಚಾಗುತ್ತದೆ. ಆಮೇಲೆ ನಟ್ ಮತ್ತು ಬೋಲ್ಟಿನ ತುದಿಗೆ ಅಡ್ಡವಾಗಿ ಒಂದೇ ಗೆರೆ ಎಳೆದು, ಮಧ್ಯದ ಬೋಲ್ಟಿನಿಂದ ಹೊರಗೆ ಹೋಗುತ್ತಾ ಕೋಡ್ ಹೇಳಿದಷ್ಟು ತಿರುಗಿಸಿ. ಎಷ್ಟು ಸುತ್ತು ಎಂಬುದು ಬೋಲ್ಟಿನ ಉದ್ದದ ಮೇಲೆ ನಿಲ್ಲುತ್ತದೆ. ಗೆರೆಗಳು ಎಷ್ಟು ಸರಿದಿವೆ ಎಂದು ದೂರದಿಂದಲೇ ಕಾಣುತ್ತದೆ.

ಜಾಯಿಂಟ್ ಜಾರಿದೆಯೇ ಎಂದು ಮುಂದೆ ಗೊತ್ತಾಗಬೇಕಾದರೆ, ಬಿಗಿ ಮಾಡಿ ಮುಗಿದ ಮೇಲೆ ಎರಡು ಪ್ಲೇಟುಗಳ ಮೇಲೆ ಹಾಯುವಂತೆ ಒಂದು ಸಣ್ಣ ಗೀಚು ಹಾಕಿಸಿ. ಗೀಚು ಮುರಿದು ಪಕ್ಕಕ್ಕೆ ಸರಿದಿದ್ದರೆ, ಪೇಂಟ್ ಪ್ಲೇಟಿನ ಅಂಚಿನಲ್ಲಿ ಬಿರುಕು ಬಿಟ್ಟಿದ್ದರೆ, ಅಲ್ಲಿಂದ ಕಂದು ಬಣ್ಣದ ತುಕ್ಕುಪುಡಿ ಇಳಿದಿದ್ದರೆ, ಅದು ಜಾರಿದೆ. ಆಗ ಬೋಲ್ಟನ್ನು ಇನ್ನಷ್ಟು ಬಿಗಿ ಮಾಡಿ ಸುಮ್ಮನಾಗಬೇಡಿ; ಒಂದು ಬೋಲ್ಟ್ ಬಿಚ್ಚಿಸಿ ಒಳಗಿನ ಮೇಲ್ಮೈಯಲ್ಲಿ ಬಣ್ಣ ಇದೆಯೇ ಎಂದು ಮೊದಲು ನೋಡಿಸಿ.